ಆಯ್ಕೆಗಳಲ್ಲಿ ಸಿಕ್ಕಿದ ಮಾತ್ರಕ್ಕೆ ಉತ್ತರ ಸರಿಯಲ್ಲ

ನರ್ಸಿಂಗ್ ಪರೀಕ್ಷೆಗೆ ಓದುವ ಮಕ್ಕಳಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ಬೇರೂರಿದೆ. ಔಷಧದ ಪ್ರಮಾಣದ ಲೆಕ್ಕ ಮಾಡಿದಾಗ ಬಂದ ಸಂಖ್ಯೆ ಕೊಟ್ಟ ನಾಲ್ಕು ಆಯ್ಕೆಗಳಲ್ಲಿ ಕಾಣಿಸಿದರೆ ಲೆಕ್ಕ ಸರಿಯಾಗಿದೆ, ಗುರುತು ಹಾಕಿ ಮುಂದೆ ಹೋಗಬಹುದು ಎಂಬುದು ಆ ನಂಬಿಕೆ. ಬೇರೆ ವಿಷಯಗಳಲ್ಲಿ ಹೇಗೋ ಏನೋ, ಡೋಸ್ ಲೆಕ್ಕದಲ್ಲಿ ಇದನ್ನು ನಂಬಿದವರು ಅಂಕ ಕಳೆದುಕೊಳ್ಳುತ್ತಾರೆ. ಏಕೆಂದರೆ ಈ ಪ್ರಶ್ನೆಗಳ ತಪ್ಪು ಆಯ್ಕೆಗಳನ್ನು ಯಾರೂ ತೋಚಿದಂತೆ ಬರೆಯುವುದಿಲ್ಲ. ವಿದ್ಯಾರ್ಥಿ ಯಾವ ಹೆಜ್ಜೆಯಲ್ಲಿ ಎಡವಬಹುದು ಎಂದು ಮೊದಲೇ ಯೋಚಿಸಿ, ಹಾಗೆ ಎಡವಿದರೆ ಬರುವ ಸಂಖ್ಯೆಯನ್ನೇ ಅಲ್ಲಿ ಇಡುತ್ತಾರೆ. ತಪ್ಪು ಮಾಡಿದವಳಿಗೂ ತನ್ನ ಉತ್ತರ ಕಣ್ಣೆದುರು ಸಿಗುತ್ತದೆ.

ಚೆನ್ನೈಯಲ್ಲಿ ನರ್ಸಿಂಗ್ ಶಿಕ್ಷಣಕ್ಕೆ ದೊಡ್ಡ ಚರಿತ್ರೆಯಿದೆ. 1871ರಲ್ಲಿ ಮದ್ರಾಸಿನ ಸರ್ಕಾರಿ ಜನರಲ್ ಆಸ್ಪತ್ರೆಯಲ್ಲಿ ನರ್ಸಿಂಗ್ ಶಾಲೆ ಆರಂಭವಾಯಿತೆಂದು ನಮ್ಮ ನರ್ಸಿಂಗ್ ಪಠ್ಯಪುಸ್ತಕಗಳು ಹೇಳುತ್ತವೆ. ಸೆಂಟ್ರಲ್ ರೈಲು ನಿಲ್ದಾಣದ ಎದುರಿಗಿರುವ ಆ ಆಸ್ಪತ್ರೆಗೆ ಈಗ ರಾಜೀವ್ ಗಾಂಧಿಯವರ ಹೆಸರು. ಮಂಗಳೂರು ಮೇಲ್, ವೆಸ್ಟ್ ಕೋಸ್ಟ್ ರೈಲುಗಳಲ್ಲಿ ಕಾಸರಗೋಡು, ದಕ್ಷಿಣ ಕನ್ನಡದ ಕಡೆಯಿಂದ ಬಂದಿಳಿಯುವ ನಮ್ಮ ಹುಡುಗಿಯರು ಮೊದಲು ನೋಡುವುದೇ ಆ ಕಟ್ಟಡಗಳನ್ನು. ಅವರಲ್ಲಿ ಕೆಲವರು ಇಲ್ಲಿನ ಕಾಲೇಜುಗಳಲ್ಲಿ ಓದುತ್ತಾರೆ, ಕೆಲವರು ಇಲ್ಲಿನ ಖಾಸಗಿ ಆಸ್ಪತ್ರೆಗಳಲ್ಲಿ ದುಡಿಯುತ್ತಾ ಮುಂದಿನ ಪರೀಕ್ಷೆಗೆ ಸಿದ್ಧರಾಗುತ್ತಾರೆ. ಒಬ್ಬಳ ಕಣ್ಣು ಏಮ್ಸ್ ನಡೆಸುವ ನಾರ್ಸೆಟ್ ಮೇಲಿದ್ದರೆ, ಇನ್ನೊಬ್ಬಳು ಅಮೆರಿಕಕ್ಕೆ ಹೋಗಲು ಎನ್‌ಕ್ಲೆಕ್ಸ್ ಬರೆಯಬೇಕು. ಎನ್‌ಕ್ಲೆಕ್ಸ್‌ಗೆ ಚೆನ್ನೈಯಲ್ಲೇ ಕೇಂದ್ರವಿದೆ. ನಾರ್ಸೆಟ್‌ನಲ್ಲಿ ತಪ್ಪು ಉತ್ತರಕ್ಕೆ ಮೂರನೇ ಒಂದು ಅಂಕ ಕಳೆಯುತ್ತಾರೆ. ಎನ್‌ಕ್ಲೆಕ್ಸ್‌ನಲ್ಲಿ ಕೆಲವು ಲೆಕ್ಕಗಳಿಗೆ ಆಯ್ಕೆಗಳೇ ಇರುವುದಿಲ್ಲ, ಸಂಖ್ಯೆಯನ್ನು ನಾವೇ ಟೈಪ್ ಮಾಡಬೇಕು. ಎರಡರಲ್ಲೂ ಉತ್ತರವನ್ನು ನಿರ್ಧರಿಸುವುದು ಗುಣಾಕಾರ ಭಾಗಾಕಾರವಲ್ಲ, ಅದಕ್ಕೆ ಮೊದಲು ನೋಡಬೇಕಾದ ಮಾನ ಮತ್ತು ಕೊನೆಯಲ್ಲಿ ಮಾಡಬೇಕಾದ ರೌಂಡಿಂಗ್.

ಒಂದು ಪ್ರಶ್ನೆಯನ್ನು ಪೂರ್ತಿ ಬಿಡಿಸಿ ನೋಡೋಣ. ಐಸಿಯು ಪಾಠದಲ್ಲಿ ಪದೇ ಪದೇ ಬರುವ ಡೋಪಮಿನ್ ಲೆಕ್ಕ ಇದು. ರೋಗಿಯ ತೂಕ 132 ಪೌಂಡ್. ಡೋಪಮಿನ್ ಅನ್ನು ಪ್ರತಿ ಕೆಜಿ ತೂಕಕ್ಕೆ ನಿಮಿಷಕ್ಕೆ 5 ಮೈಕ್ರೋಗ್ರಾಂನಂತೆ ಕೊಡಬೇಕು. 250 ಎಂಎಲ್ ದ್ರಾವಣದಲ್ಲಿ 200 ಮಿಲಿಗ್ರಾಂ ಡೋಪಮಿನ್ ಇದೆ. ಇನ್‌ಫ್ಯೂಷನ್ ಪಂಪನ್ನು ಗಂಟೆಗೆ ಎಷ್ಟು ಎಂಎಲ್‌ಗೆ ಇಡಬೇಕು? ಒಂದು ದಶಮಾಂಶ ಸ್ಥಾನಕ್ಕೆ ಉತ್ತರಿಸಿ. ಆಯ್ಕೆಗಳು ಹೀಗಿವೆ: 0.4, 22.5, 49.5, 108.9.

ಮೊದಲು ಸರಿಯಾದ ದಾರಿ. 132 ಪೌಂಡನ್ನು 2.2ರಿಂದ ಭಾಗಿಸಿದರೆ 60 ಕೆಜಿ. ಚೀಲದಲ್ಲಿರುವ 200 ಮಿಲಿಗ್ರಾಂ ಅಂದರೆ 2,00,000 ಮೈಕ್ರೋಗ್ರಾಂ. 250 ಎಂಎಲ್‌ಗೆ ಹಂಚಿದರೆ ಒಂದು ಎಂಎಲ್‌ನಲ್ಲಿ 800 ಮೈಕ್ರೋಗ್ರಾಂ. ರೋಗಿಗೆ ನಿಮಿಷಕ್ಕೆ ಬೇಕಾದದ್ದು 5ರ 60 ಪಟ್ಟು, ಅಂದರೆ 300 ಮೈಕ್ರೋಗ್ರಾಂ. ಗಂಟೆಗೆ 18,000. ಅದನ್ನು 800ರಿಂದ ಭಾಗಿಸಿದರೆ 22.5. ಒಂದೇ ಸಾಲಿನಲ್ಲಿ ಬರೆದರೆ ಹೀಗೆ:

5 × 60 × 60 ÷ 800 = 22.5

ಈ ಸಾಲಿನಲ್ಲೇ ಒಂದು ಅಪಾಯವಿದೆ. ಎರಡು 60 ಅಕ್ಕಪಕ್ಕ ಕುಳಿತಿವೆ. ಒಂದು ತೂಕದ 60, ಇನ್ನೊಂದು ನಿಮಿಷಗಳನ್ನು ಗಂಟೆಯಾಗಿಸುವ 60. ಮಾನಗಳನ್ನು ಬರೆಯದೆ ಬರೀ ಅಂಕೆ ಬರೆಯುವವಳಿಗೆ, ಒಂದು 60 ಬಿಟ್ಟುಹೋದರೂ ಸಾಲು ಪೂರ್ತಿಯಾದಂತೆಯೇ ಕಾಣುತ್ತದೆ. ಹಾಗೆ ಬಿಟ್ಟರೆ ಬರುವುದು 0.375. ಒಂದು ದಶಮಾಂಶಕ್ಕೆ ತಂದರೆ 0.4. ಮೊದಲ ಆಯ್ಕೆ ಹುಟ್ಟಿದ್ದು ಅಲ್ಲಿ. ಅದು ನಿಮಿಷಕ್ಕೆ ಹೋಗಬೇಕಾದ ಎಂಎಲ್, ಪ್ರಶ್ನೆ ಕೇಳಿದ್ದು ಗಂಟೆಗೆ. ಲೆಕ್ಕದಲ್ಲಿ ತಪ್ಪಿಲ್ಲ, ಕೇಳಿದ ಪ್ರಶ್ನೆಗೆ ಉತ್ತರ ಅದಲ್ಲ, ಅಷ್ಟೆ.

ಮೂರನೆಯ ಆಯ್ಕೆ 49.5 ಪೌಂಡಿನಿಂದ ಬಂದದ್ದು. ತೂಕ ನೋಡಿದ ಕೂಡಲೇ 132 ಎಂದು ಬರೆದುಕೊಂಡು, ಅದನ್ನೇ ಕೆಜಿ ಎಂದುಕೊಂಡು ಮುಂದುವರಿದರೆ ಇಲ್ಲಿಗೆ ಬಂದು ಮುಟ್ಟುತ್ತೀರಿ. ನಮ್ಮ ವಾರ್ಡುಗಳಲ್ಲಿ ತೂಕ ಯಾವಾಗಲೂ ಕೆಜಿಯಲ್ಲೇ ಇರುತ್ತದೆ. ವರ್ಷಗಟ್ಟಲೆ ಕೇಸ್ ಶೀಟಿನಲ್ಲಿ ಕೆಜಿಯನ್ನೇ ನೋಡಿದ ಕಣ್ಣಿಗೆ ಸಂಖ್ಯೆಯ ಪಕ್ಕದ ಎರಡಕ್ಷರ ಕಾಣುವುದೇ ಇಲ್ಲ. ಅಮೆರಿಕದ ಪರೀಕ್ಷೆಗೆ ಓದುವವರು ಹೆಚ್ಚು ಎಡವುವ ಜಾಗ ಇದು. ನಾಲ್ಕನೆಯದು 108.9, ಪೌಂಡನ್ನು ಕೆಜಿ ಮಾಡಬೇಕೆಂದು ನೆನಪಿದೆ, ಆದರೆ ಭಾಗಿಸುವ ಬದಲು 2.2ರಿಂದ ಗುಣಿಸಿದ್ದಾರೆ. 132 ಪೌಂಡಿನ ಮನುಷ್ಯ 290 ಕೆಜಿ ತೂಗುತ್ತಾನೆಯೇ ಎಂದು ಒಂದು ಕ್ಷಣ ನಿಂತು ಕೇಳಿಕೊಂಡಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿತ್ತು. ಕೆಜಿಯ ಸಂಖ್ಯೆ ಯಾವಾಗಲೂ ಪೌಂಡಿನ ಸಂಖ್ಯೆಯ ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಇಷ್ಟು ನೆನಪಿದ್ದರೆ ಗುಣಿಸುವುದೋ ಭಾಗಿಸುವುದೋ ಎಂಬ ಗೊಂದಲ ಬರುವುದಿಲ್ಲ.

ಪುತ್ತೂರಿನ ಕಡೆಯ ಒಬ್ಬ ಹುಡುಗಿ ಇದೇ ಬಗೆಯ ಲೆಕ್ಕ ಮಾಡಿದ ಹಾಳೆ ತಂದು ತೋರಿಸಿದಳು. ಗುಣಾಕಾರ ಚೊಕ್ಕವಾಗಿತ್ತು, ಉತ್ತರ 49.5. "ಎಲ್ಲಿ ತಪ್ಪಾಯಿತು ಅಂತಾನೇ ಗೊತ್ತಾಗ್ತಾ ಇಲ್ಲ ಮೇಡಂ, ಮೂರು ಸಲ ಮಾಡಿದೆ, ಮೂರು ಸಲವೂ ಅದೇ ಬಂತು," ಎಂದಳು. ಬರದೇ ಇರುತ್ತದೆಯೇ? ಮೂರು ಸಲವೂ ಅವಳು ಶುರು ಮಾಡಿದ್ದು 132ರಿಂದ. ಹಾಳೆಯಲ್ಲಿ ಒಂದು ಕಡೆಯೂ ಮಾನ ಬರೆದಿರಲಿಲ್ಲ. ಅದೇ ಲೆಕ್ಕವನ್ನು ಪ್ರತಿ ಸಂಖ್ಯೆಯ ಮುಂದೆ ಮಾನ ಹಾಕಿ ಇನ್ನೊಮ್ಮೆ ಬರೆಯಲು ಹೇಳಿದೆ. ಎರಡನೇ ಸಂಖ್ಯೆಯ ಮುಂದೆ "ಪೌಂಡ್" ಎಂದು ಬರೆದವಳು ಮೇಲಿನ ಸಾಲಿನ "ಪ್ರತಿ ಕೆಜಿಗೆ" ಎಂಬುದನ್ನು ನೋಡಿ ತಾನೇ ನಿಲ್ಲಿಸಿದಳು. ನಾನು ಏನೂ ಹೇಳಬೇಕಾಗಲಿಲ್ಲ.

ಮಾನ ಬರೆಯುವುದರ ಉಪಯೋಗ ಇಷ್ಟೇ, ಆದರೆ ಇದು ದೊಡ್ಡದು. ಲೆಕ್ಕ ಮಾಡುವ ಮುಂಚೆ ಮೊದಲು ಉತ್ತರದ ಮಾನವನ್ನು ಬರೆಯಬೇಕು: ಗಂಟೆಗೆ ಎಂಎಲ್. ಆಮೇಲೆ ಕೊಟ್ಟ ಸಂಖ್ಯೆಗಳನ್ನು ಅವುಗಳ ಮಾನದ ಸಮೇತ ಸಾಲಾಗಿ ಇಡಬೇಕು. ಮೈಕ್ರೋಗ್ರಾಂ ಮೇಲೊಮ್ಮೆ ಕೆಳಗೊಮ್ಮೆ ಬಂದು ಹೊಡೆದುಹೋಗಬೇಕು, ಕೆಜಿಯೂ ಹಾಗೆಯೇ, ನಿಮಿಷವೂ ಹಾಗೆಯೇ. ಕೊನೆಗೆ ಉಳಿಯುವುದು ಎಂಎಲ್ ಮೇಲೆ, ಗಂಟೆ ಕೆಳಗೆ. ಬೇರೆ ಏನಾದರೂ ಉಳಿದಿದ್ದರೆ, ಅಂಕೆಗಳನ್ನು ಮುಟ್ಟುವುದೇ ಬೇಡ. ಹೊಡೆದುಹೋಗದೆ ಉಳಿದ ಮಾನವೇ ಯಾವ ಹೆಜ್ಜೆ ಬಿಟ್ಟಿದ್ದೀರಿ ಎಂದು ತೋರಿಸುತ್ತದೆ. ನಿಮಿಷ ಉಳಿದಿದ್ದರೆ 60 ಬಿಟ್ಟಿದ್ದೀರಿ. ಮಿಲಿಗ್ರಾಂ ಒಂದು ಕಡೆ, ಮೈಕ್ರೋಗ್ರಾಂ ಇನ್ನೊಂದು ಕಡೆ ಉಳಿದಿದ್ದರೆ 1000 ಬಿಟ್ಟಿದ್ದೀರಿ. ನಮ್ಮ ಹೆಚ್ಚಿನ ಮಕ್ಕಳು "ಬೇಕಾದದ್ದು ಭಾಗಿಸು ಇರುವುದು, ಗುಣಿಸು ಪ್ರಮಾಣ" ಎಂಬ ಸೂತ್ರವನ್ನು ಬಾಯಿಪಾಠ ಮಾಡಿರುತ್ತಾರೆ. ಮಾತ್ರೆಗೆ, ಸಿರಪ್‌ಗೆ ಅದು ಸಾಕು. ತೂಕ ಮತ್ತು ಸಮಯ ಎರಡೂ ಸೇರಿದ ಡ್ರಿಪ್ ಲೆಕ್ಕಕ್ಕೆ ಅದು ಸಾಲದು ಎಂದೇ ನನ್ನ ಅಭಿಪ್ರಾಯ.

ಇನ್ನೊಂದು ಪರೀಕ್ಷೆ ಉತ್ತರ ಬಂದ ಮೇಲೆ ಮಾಡುವಂಥದ್ದು. ಆ ಉತ್ತರದ ಪ್ರಕಾರ ಹರಿಸಿದರೆ ಚೀಲ ಎಷ್ಟು ಹೊತ್ತು ಬರುತ್ತದೆ ಎಂದು ಕೇಳಿಕೊಳ್ಳುವುದು. ನಮ್ಮ ರೋಗಿಗೆ ಗಂಟೆಗೆ 18 ಮಿಲಿಗ್ರಾಂ ಹೋಗಬೇಕು, ಚೀಲದಲ್ಲಿರುವುದು 200 ಮಿಲಿಗ್ರಾಂ. ಹಾಗಾದರೆ ಸುಮಾರು 11 ಗಂಟೆ. 250 ಎಂಎಲ್ ಅನ್ನು 11 ಗಂಟೆಗೆ ಹಂಚಿದರೆ 23ರ ಆಸುಪಾಸು. 22.5 ಸರಿಹೊಂದುತ್ತದೆ. 0.4 ಎಂದು ಗುರುತು ಹಾಕಿದವಳ ಚೀಲ 26 ದಿನ ನೇತಾಡುತ್ತಿರುತ್ತದೆ. 108.9ರ ಚೀಲ ಎರಡೂಕಾಲು ಗಂಟೆಯಲ್ಲಿ ಖಾಲಿ, ಆಗ ರೋಗಿಗೆ ಹೋಗುತ್ತಿರುವುದು ಪ್ರತಿ ಕೆಜಿಗೆ ನಿಮಿಷಕ್ಕೆ 24 ಮೈಕ್ರೋಗ್ರಾಂ. ಡೋಪಮಿನ್‌ಗೆ ಸಾಮಾನ್ಯವಾಗಿ ಹೇಳುವ ಮೇಲ್ಮಿತಿ 20. ಈ ಎರಡು ಆಯ್ಕೆಗಳು ಹೀಗೆ ತಾವಾಗಿ ಬಿದ್ದುಹೋಗುತ್ತವೆ.

ಆದರೆ 49.5 ಬೀಳುವುದಿಲ್ಲ. ಅದರ ಚೀಲ ಐದು ಗಂಟೆ ಬರುತ್ತದೆ, ಡೋಸ್ 11 ಮೈಕ್ರೋಗ್ರಾಂ ಆಗುತ್ತದೆ. ಐಸಿಯುನಲ್ಲಿ ಎರಡೂ ಅಸಹಜವಲ್ಲ. ಕಣ್ಣಳತೆಗೆ ಸರಿಯಾಗಿಯೇ ಕಾಣುವ ಈ ಸಂಖ್ಯೆಯನ್ನು ಹಿಡಿಯಲು ಮಾನ ಬರೆಯುವುದೊಂದೇ ದಾರಿ. ಅಂದಾಜು ಮಾಡುವುದು ಹತ್ತು ಪಟ್ಟು, ನೂರು ಪಟ್ಟಿನ ತಪ್ಪನ್ನು ಹಿಡಿಯುತ್ತದೆ. ಎರಡು ಪಟ್ಟಿನ ತಪ್ಪು ಅದರ ಕೈಗೆ ಸಿಗದೆ ಜಾರುತ್ತದೆ. ರೋಗಿಯ ಮಟ್ಟಿಗೆ ಈ ಎರಡು ಪಟ್ಟಿನ ತಪ್ಪೇ ಹೆಚ್ಚು ಕೆಟ್ಟದ್ದು, ಏಕೆಂದರೆ ಮಂಚದ ಪಕ್ಕದಲ್ಲಿ ನಿಂತ ಎರಡನೆಯವರಿಗೂ ಅದು ತಪ್ಪೆಂದು ಅನ್ನಿಸುವುದಿಲ್ಲ.

ಚೆನ್ನೈಯ ವಾರ್ಡಿನಿಂದ ಎನ್‌ಕ್ಲೆಕ್ಸ್ ಕೋಣೆಗೆ ಹೋಗುವವರನ್ನು ಕಾಡುವ ಇನ್ನೊಂದು ಮಾನ ಇನ್ಸುಲಿನ್‌ನದು. ನಮ್ಮ ದೇಶದಲ್ಲಿ ಇನ್ಸುಲಿನ್ ವಯಲ್‌ಗಳು ಹೆಚ್ಚಾಗಿ ಎಂಎಲ್‌ಗೆ 40 ಯೂನಿಟ್‌ನವು. ಪೆನ್ನಿಗೆ ಹಾಕುವ ಕಾರ್ಟ್ರಿಜ್‌ಗಳು ಎಂಎಲ್‌ಗೆ 100. ಅದಕ್ಕೆ ತಕ್ಕಂತೆ ಸಿರಿಂಜೂ ಎರಡು ಬಗೆ, 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ. ಅಮೆರಿಕದ ಪ್ರಶ್ನೆಯಲ್ಲಿ ಬರುವುದು ಸಾಮಾನ್ಯವಾಗಿ 100. ಹಾಗಾಗಿ "20 ಯೂನಿಟ್ ಇನ್ಸುಲಿನ್ ಎಷ್ಟು ಎಂಎಲ್?" ಎಂಬ ಪುಟ್ಟ ಪ್ರಶ್ನೆಗೆ ಇಲ್ಲಿಯ ವಯಲ್ ಪ್ರಕಾರ 0.5, ಅಲ್ಲಿಯ ವಯಲ್ ಪ್ರಕಾರ 0.2. ಕೈಗೆ ರೂಢಿಯಾದ ಸಂಖ್ಯೆಯನ್ನು ಪ್ರಶ್ನೆಯ ಮೇಲೆ ಹೇರಿದರೆ ಮುಗಿಯಿತು. ಪ್ರಶ್ನೆಯಲ್ಲಿ ಮುದ್ರಿತವಾದ ಸಾಂದ್ರತೆಯನ್ನು ಓದಿ, ಅದನ್ನೇ ಬರೆದುಕೊಂಡು ಶುರು ಮಾಡಬೇಕು. ವಾರ್ಡಿನಲ್ಲಿ ಇದೇ ಗೊಂದಲ ಎಷ್ಟು ದೂರ ಹೋಗುತ್ತದೆ ನೋಡಿ: 40ರ ಸಿರಿಂಜಿನಲ್ಲಿ 100ರ ಇನ್ಸುಲಿನ್ ಅನ್ನು 20ರ ಗೆರೆಯವರೆಗೆ ಎಳೆದರೆ ಸಿರಿಂಜಿನಲ್ಲಿ ಇರುವುದು ಅರ್ಧ ಎಂಎಲ್, ಅಂದರೆ 50 ಯೂನಿಟ್. 100ರ ಸಿರಿಂಜಿನಲ್ಲಿ 40ರ ಇನ್ಸುಲಿನ್ ಅನ್ನು ಅದೇ 20ರ ಗೆರೆಗೆ ಎಳೆದರೆ ಬರೀ 8.

ಹೆಪಾರಿನ್‌ನದೂ ಇದೇ ಕತೆ. 5 ಎಂಎಲ್ ವಯಲ್ ಒಂದರಲ್ಲಿ 5,000 ಯೂನಿಟ್ ಇರಬಹುದು, ಇನ್ನೊಂದರಲ್ಲಿ 25,000. ವಯಲ್ ನೋಡಿ ಊಹಿಸುವಂತಿಲ್ಲ, ಲೇಬಲ್ ಓದಲೇಬೇಕು.

ಈಗ ರೌಂಡಿಂಗ್. ಇಲ್ಲಿ ತಪ್ಪು ಸಣ್ಣದು, ಆದರೆ ಆಯ್ಕೆಗಳು ಹತ್ತಿರ ಹತ್ತಿರ ಇದ್ದಾಗ ಅಂಕ ಹೋಗುವುದು ಇಲ್ಲೇ. ಮಗುವಿನ ತೂಕ 29 ಪೌಂಡ್. ಪ್ಯಾರಸಿಟಮಾಲ್ ಪ್ರತಿ ಕೆಜಿಗೆ 15 ಮಿಲಿಗ್ರಾಂ ಕೊಡಬೇಕು. ಸಿರಪ್ 5 ಎಂಎಲ್‌ಗೆ 125 ಮಿಲಿಗ್ರಾಂ. ಎಷ್ಟು ಎಂಎಲ್? 29 ಅನ್ನು 2.2ರಿಂದ ಭಾಗಿಸಿದರೆ 13.18 ಚಿಲ್ಲರೆ ಕೆಜಿ. "ಹದಿಮೂರು" ಎಂದು ಅಲ್ಲೇ ಸರಿಮಾಡಿಕೊಂಡವಳಿಗೆ 195 ಮಿಲಿಗ್ರಾಂ, 7.8 ಎಂಎಲ್ ಬರುತ್ತದೆ. ಚಿಲ್ಲರೆಯನ್ನು ಹಾಗೇ ಇಟ್ಟುಕೊಂಡು ಹೋದವಳಿಗೆ 197.7 ಮಿಲಿಗ್ರಾಂ, 7.909 ಎಂಎಲ್, ಕೊನೆಗೆ 7.9. ಆಯ್ಕೆಗಳಲ್ಲಿ 7.8ಕ್ಕೂ ಜಾಗವಿರುತ್ತದೆ, 7.9ಕ್ಕೂ ಇರುತ್ತದೆ. ಮಗುವಿಗೆ ಈ 0.1 ಎಂಎಲ್‌ನಿಂದ ಏನೂ ಆಗುವುದಿಲ್ಲ, ಅದು ನಿಜ. ಪರೀಕ್ಷೆಯಲ್ಲಿ ಮಾತ್ರ ಒಂದು ಸರಿ, ಒಂದು ತಪ್ಪು. ನಡುವೆ ಎಲ್ಲೂ ರೌಂಡ್ ಮಾಡಬಾರದು, ಕೊನೆಯಲ್ಲಿ ಒಂದೇ ಸಲ ಮಾಡಬೇಕು. ತೂಕವನ್ನೇ ಮೊದಲು ರೌಂಡ್ ಮಾಡಿ ಎಂದು ಪ್ರಶ್ನೆ ಬಾಯಿಬಿಟ್ಟು ಹೇಳಿದ್ದರೆ ಆಗ ಮಾತ್ರ ಹಾಗೆ ಮಾಡಬೇಕು.

"ಒಂದೇ ಸಲ" ಎಂದದ್ದಕ್ಕೆ ಇನ್ನೊಂದು ಕಾರಣವಿದೆ. ಉತ್ತರ 2.449 ಬಂದಿದೆ, ಒಂದು ದಶಮಾಂಶಕ್ಕೆ ಕೇಳಿದ್ದಾರೆ ಎಂದಿಟ್ಟುಕೊಳ್ಳಿ. ಕೆಲವರು ಮೊದಲು 2.45 ಮಾಡುತ್ತಾರೆ, ಆಮೇಲೆ ಅದನ್ನು 2.5 ಮಾಡುತ್ತಾರೆ. ಸರಿಯಾದದ್ದು 2.4. ಬೇಕಾದ ಸ್ಥಾನದ ಮುಂದಿನ ಒಂದೇ ಒಂದು ಅಂಕೆಯನ್ನು ನೋಡಬೇಕು, ಅದರಾಚೆಗಿನದನ್ನು ನೋಡಲೇಬಾರದು.

ಯಾವ ಸ್ಥಾನಕ್ಕೆ ರೌಂಡ್ ಮಾಡಬೇಕು ಎಂಬುದನ್ನು ಪ್ರಶ್ನೆ ಹೇಳಿದ್ದರೆ ಅದೇ ಕೊನೆಯ ಮಾತು. ಹೇಳದಿದ್ದರೆ, ಕೊಡುವ ಸಾಧನ ಏನನ್ನು ಅಳೆಯಬಲ್ಲದು ಎಂದು ನೋಡಬೇಕು. ಪಂಪಿನಲ್ಲಿ 22.5 ಎಂದು ಇಡಬಹುದು. ಪಂಪ್ ಇಲ್ಲದೆ ಮೈಕ್ರೋ ಡ್ರಿಪ್ ಸೆಟ್ ಹಾಕಿದ್ದರೆ? ಅದರಲ್ಲಿ 60 ಹನಿಗೆ ಒಂದು ಎಂಎಲ್, ಆದ್ದರಿಂದ ಗಂಟೆಗೆ ಎಷ್ಟು ಎಂಎಲ್ಲೋ ನಿಮಿಷಕ್ಕೆ ಅಷ್ಟೇ ಹನಿ. 22.5 ಹನಿ. ಅರ್ಧ ಹನಿಯನ್ನು ಎಣಿಸಲಾಗದು, ಹಾಗಾಗಿ ಉತ್ತರ ಪೂರ್ಣಸಂಖ್ಯೆ, 23. ಒಂದೇ ರೋಗಿ, ಒಂದೇ ಔಷಧ, ಒಂದೇ ಡೋಸ್. ಆದರೂ ಪಂಪಿನ ಪ್ರಶ್ನೆಗೆ 22.5 ಸರಿ, ಹನಿಯ ಪ್ರಶ್ನೆಗೆ 23 ಸರಿ. ಎರಡೂ ಆಯ್ಕೆಗಳಲ್ಲಿ ಇದ್ದರೆ ಪ್ರಶ್ನೆಯ ಕೊನೆಯ ನಾಲ್ಕು ಪದಗಳನ್ನು ಇನ್ನೊಮ್ಮೆ ಓದದೆ ಗತ್ಯಂತರವಿಲ್ಲ.

ಬರೆಯುವಾಗ ಸೊನ್ನೆಯ ವಿಷಯದಲ್ಲೂ ಎಚ್ಚರ ಬೇಕು. ಒಂದಕ್ಕಿಂತ ಕಡಿಮೆಯಿದ್ದರೆ ಚುಕ್ಕಿಯ ಹಿಂದೆ ಸೊನ್ನೆ ಇರಲೇಬೇಕು: 0.5. ಪೂರ್ಣಸಂಖ್ಯೆಯ ಡೋಸಿಗೆ ಚುಕ್ಕಿಯ ಮುಂದೆ ಸೊನ್ನೆ ಕೂಡದು: 5, 5.0 ಅಲ್ಲ. ಚುಕ್ಕಿ ಅಳಿಸಿಹೋದರೆ .5 ಎಂದು ಬರೆದದ್ದು 5 ಆಗುತ್ತದೆ, 5.0 ಎಂದು ಬರೆದದ್ದು 50 ಆಗುತ್ತದೆ. ಅಮೆರಿಕದ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್ ಇಂಥ ಬರಹವನ್ನು ಬಳಸಬಾರದವುಗಳ ಪಟ್ಟಿಗೆ ಸೇರಿಸಿ ಬಹಳ ವರ್ಷಗಳಾದವು. ಯೂನಿಟ್ ಎಂಬುದಕ್ಕೆ ಬರೀ U ಬರೆಯುವುದೂ ಅದೇ ಪಟ್ಟಿಯಲ್ಲಿದೆ, ಅವಸರದ ಕೈಬರಹದಲ್ಲಿ ಅದು ಸೊನ್ನೆಯಂತೆ ಕಾಣುತ್ತದೆ ಎಂಬ ಕಾರಣಕ್ಕೆ. ರಫ್ ಹಾಳೆಯಲ್ಲಿ ಬರೆಯುವಾಗಿನಿಂದಲೇ ಇದನ್ನು ಪಾಲಿಸಿದರೆ, ತಮ್ಮದೇ ಅಕ್ಷರವನ್ನು ತಾವೇ ತಪ್ಪಾಗಿ ಓದಿಕೊಳ್ಳುವುದು ತಪ್ಪುತ್ತದೆ.

ಕೊನೆಯದಾಗಿ ಪ್ರಶ್ನೆ ತೆಗೆಯುವ ಹಿರಿಯರಿಗೆ ಒಂದು ಮಾತು. ಅಭ್ಯಾಸದ ಪುಸ್ತಕಗಳಲ್ಲಿ, ಕೋಚಿಂಗ್ ಹಾಳೆಗಳಲ್ಲಿ ಇಂಥ ಪ್ರಶ್ನೆ ಈಗಲೂ ಕಾಣುತ್ತದೆ: "1000 ಎಂಎಲ್ ಸಲೈನ್ 8 ಗಂಟೆಯಲ್ಲಿ ಹೋಗಬೇಕು, ನಿಮಿಷಕ್ಕೆ ಎಷ್ಟು ಹನಿ?" ಅಷ್ಟೇ, ಸೆಟ್ ಯಾವುದೆಂದು ಇಲ್ಲ. ಎಂಎಲ್‌ಗೆ 15 ಹನಿಯ ಸೆಟ್ ಆದರೆ ಉತ್ತರ 31, 20 ಹನಿಯದಾದರೆ 42. ನಮ್ಮ ವಾರ್ಡುಗಳಲ್ಲಿ ಸಾಮಾನ್ಯವಾಗಿ ಸಿಗುವ ಸೆಟ್ 20ರದ್ದು, ಹಳೆಯ ಪಠ್ಯಗಳ ಉದಾಹರಣೆಗಳಲ್ಲಿ 15 ಬಹಳ. ಆಯ್ಕೆಗಳಲ್ಲಿ 31 ಮತ್ತು 42 ಎರಡನ್ನೂ ಇಟ್ಟು, ಹನಿಯ ಲೆಕ್ಕ ಕೊಡದೆ ಬಿಟ್ಟರೆ ಅದು ವಿದ್ಯಾರ್ಥಿಯ ಎಚ್ಚರವನ್ನು ಅಳೆಯುವ ಪ್ರಶ್ನೆಯಲ್ಲ, ಅವಳು ಯಾವ ಪುಸ್ತಕ ಓದಿದ್ದಾಳೆ ಎಂದು ಊಹಿಸುವ ಪ್ರಶ್ನೆ. ಡ್ರಿಪ್ ಸೆಟ್ಟಿನ ಪ್ಯಾಕೆಟ್ ಮೇಲೆ ಹನಿಯ ಲೆಕ್ಕ ಅಚ್ಚಾಗಿರುತ್ತದೆ, ವಾರ್ಡಿನಲ್ಲಿ ನರ್ಸ್ ಅದನ್ನು ಓದುತ್ತಾಳೆ. ಪ್ರಶ್ನೆಪತ್ರಿಕೆಯಲ್ಲೂ ಅದು ಇರಬೇಕು, ಎಷ್ಟು ದಶಮಾಂಶಕ್ಕೆ ಉತ್ತರಿಸಬೇಕು ಎಂಬುದೂ ಇರಬೇಕು. ಈ ಎರಡು ಸಾಲು ಸೇರಿಸಲು ಖರ್ಚೇನೂ ಇಲ್ಲ. ಇವಿಲ್ಲದ ಪ್ರಶ್ನೆ ಎದುರಾದರೆ, ಉತ್ತರಸೂಚಿಗೆ ಆಕ್ಷೇಪಣೆ ಸಲ್ಲಿಸಲು ಅವಕಾಶವಿರುವ ಪರೀಕ್ಷೆಗಳಲ್ಲಿ ಮಕ್ಕಳು ಸುಮ್ಮನಿರದೆ ಲೆಕ್ಕವನ್ನು ಎರಡೂ ಬಗೆಯಲ್ಲಿ ಬಿಡಿಸಿ ತೋರಿಸಿ ಆಕ್ಷೇಪಣೆ ಸಲ್ಲಿಸಲಿ.